ಸಹಾಯ ಬೇಕು: ಉದ್ದುದ್ದ ನಿಂತ ತಲೆಬರಹ ಅಡ್ಡ ಮಾಡೋದು ಹೇಗೆ?

ನಮಸ್ಕಾರ. ದಾವಣಗೆರೆಯ ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಹಳೆಯ ಎಕ್ಸೆಲ್ ಫೈಲ್ ಒಂದು ಕೈಗೆ ಬಂದಿದೆ. ಕೆಲವು ಕಾಲಂಗಳ ಹೆಸರನ್ನು ಬರೀ ತಿರುಗಿಸಿದ್ದಾರೆ. ಅದೇನೂ ಕಷ್ಟವಿಲ್ಲ, ಓರಿಯೆಂಟೇಶನ್ 90 ಇದ್ದದ್ದನ್ನು 0 ಮಾಡಿದೆ, ಸರಿಹೋಯಿತು.

ತೊಂದರೆ ಉಳಿದವುಗಳದ್ದು. ಪುಣ್ಯಾತ್ಮರು ಒಂದೊಂದು ಅಕ್ಷರಕ್ಕೂ `Alt+Enter` ಒತ್ತಿ ಕೆಳಗಿಳಿಸಿದ್ದಾರೆ. ಮೆಕ್ಕೆಜೋಳ ಅನ್ನೋದು ಮೆ, ಕ್, ಕೆ, ಜೋ, ಳ ಅಂತ ಐದು ಸಾಲು! ಹುಡುಕಿದರೆ ಸಿಗೋದೇ ಇಲ್ಲ. ಇದನ್ನು ಹಾಕಿ ನೋಡಿದೆ:

```
=SUBSTITUTE(B1,CHAR(10),"")
```

ಮೆಕ್ಕೆಜೋಳ ಚೆನ್ನಾಗಿ ಕೂಡಿಕೊಂಡಿತು, ಒತ್ತಕ್ಷರವೂ ತಾನಾಗಿ ಬಂತು. ಆದರೆ ಎರಡು ಪದ ಇದ್ದಲ್ಲಿ ‘ಚೀಲದತೂಕ’ ಅಂತ ಅಂಟಿಕೊಳ್ಳುತ್ತಿದೆ. ಪದಗಳ ನಡುವೆಯೂ ಬರೀ ಒಂದು ಎಂಟರ್ ಇದೆ, ಹಾಗಾಗಿ ಗುರುತಿಸೋಕೆ ಆಗ್ತಿಲ್ಲ. ಇಂಥವನ್ನು ಕೈಯಿಂದಲೇ ತಿದ್ದಬೇಕಾ?

ಇನ್ನೊಂದು. ‘ಮೆಕ್ಕೆಜೋಳ’ ಮೂರು ಕಾಲಂ ಮೇಲೆ ಮರ್ಜ್ ಆಗಿದೆ, ಕೆಳಗೆ ಚೀಲ, ತೂಕ, ದರ. ಮರ್ಜ್ ಬಿಡಿಸಿದರೆ ಹೆಸರು ಮೊದಲ ಕಾಲಂನಲ್ಲಿ ಮಾತ್ರ ಉಳಿಯುತ್ತದೆ. ‘ಮೆಕ್ಕೆಜೋಳ - ದರ’ ಅಂತ ಒಂದೇ ಸಾಲಿನಲ್ಲಿ ಬರಬೇಕು, ಇಲ್ಲದಿದ್ದರೆ ಫಿಲ್ಟರ್ ಹಾಕಿದಾಗ ಯಾವ ದರ ಅಂತಲೇ ಗೊತ್ತಾಗಲ್ಲ. ಸುಮಾರು 40 ಶೀಟ್ ಇವೆ. ಯಾರಾದರೂ ಮಾಡಿದ್ದರೆ ತಿಳಿಸಿ.