ಬೆನ್ನಿನ ಒಂದೇ ಕಡೆ ಉರಿ, ಆಮೇಲೆ ಗುಳ್ಳೆ: ಸೋಮವಾರದವರೆಗೆ ಕಾಯಬಹುದಾ?

ಪ್ರಶ್ನೆ: ಡಾಕ್ಟರೇ, ಅಮ್ಮನಿಗೆ 63 ವರ್ಷ, ಶುಗರ್ ಇದೆ. ಐದು ದಿನದ ಹಿಂದೆ ಬಲಗಡೆ ಬೆನ್ನಲ್ಲಿ ಉರಿ ಶುರುವಾಯಿತು. ಗ್ಯಾಸ್ ಅಂದುಕೊಂಡು ಮಾತ್ರೆ ಕೊಟ್ಟೆವು. ನಿನ್ನೆ, ಗುರುವಾರ ಬೆಳಿಗ್ಗೆ ನೋಡಿದರೆ ಅಲ್ಲೇ ಗುಳ್ಳೆಗಳು. ಪಕ್ಕದ ಮನೆಯವರು ಸರ್ಪಸುತ್ತು, ಕೆಮ್ಮಣ್ಣು ಹಚ್ಚಿದರೆ ಸಾಕು ಅಂತಾರೆ. ನಮ್ಮ ಡಾಕ್ಟರ್ ಸಿಗುವುದು ಸೋಮವಾರ. ಕಾಯಬಹುದಾ?

ಚರ್ಮರೋಗ ವೈದ್ಯೆ: ಬೇಡ, ಇವತ್ತೇ ಬೇರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ವೈರಸ್ ತಡೆಯುವ ಮಾತ್ರೆ ಗುಳ್ಳೆ ಕಂಡ 72 ಗಂಟೆಯೊಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ. ನಿಮ್ಮ ಲೆಕ್ಕದಲ್ಲಿ ಅದು ಭಾನುವಾರ ಬೆಳಿಗ್ಗೆಗೆ ಮುಗಿಯುತ್ತದೆ.

ಹೊರಡುವ ಮೊದಲು ಬೆಳಕಿನಲ್ಲಿ ಒಮ್ಮೆ ನೋಡಿ. ಬೆನ್ನುಮೂಳೆಯಿಂದ ಶುರುವಾಗಿ, ಪಕ್ಕೆಯ ಮೇಲೆ ಪಟ್ಟಿಯ ಹಾಗೆ ಬಂದು, ಎದೆಯ ನಡುಗೆರೆಗೆ ನಿಂತುಬಿಟ್ಟಿದೆಯಾ? ಕೆಂಪಾದ ಚರ್ಮದ ಮೇಲೆ ನೀರು ತುಂಬಿದ ಗುಳ್ಳೆಗಳು ಗೊಂಚಲು ಗೊಂಚಲಾಗಿವೆಯಾ? ರವಿಕೆ ತಾಗಿದರೂ ಅಮ್ಮ ಬೆಚ್ಚುತ್ತಾರಾ? ಹಾಗಿದ್ದರೆ ಸರ್ಪಸುತ್ತು ಎನ್ನಲು ಹೆಚ್ಚು ಅನುಮಾನ ಬೇಡ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಆದಾಗ ಬಂದ ವೈರಸ್ ಬೆನ್ನುಮೂಳೆ ಪಕ್ಕದ ನರದ ಬುಡದಲ್ಲಿ ಸುಮ್ನೆ ಮಲಗಿರುತ್ತದೆ. ವಯಸ್ಸಾಗಿ ಶಕ್ತಿ ಕುಂದಿದಾಗ ಎದ್ದು, ಆ ಒಂದು ನರದ ದಾರಿಯಲ್ಲೇ ಚರ್ಮಕ್ಕೆ ಬರುತ್ತದೆ. ಬಲಗಡೆಯ ನರ ಎಡಕ್ಕೆ ದಾಟುವುದಿಲ್ಲ, ಅದಕ್ಕೇ ಒಂದೇ ಕಡೆ. ಮೊದಲು ನರ ಊದಿಕೊಳ್ಳುವುದರಿಂದ ಉರಿ ಮುಂಚೆ, ಗುಳ್ಳೆ ಆಮೇಲೆ. ಈ ನಡುವಿನ ದಿನಗಳಲ್ಲೇ ಜನ ಗ್ಯಾಸ್, ಉಳುಕು, ಹೃದಯದ ನೋವು ಅಂತ ಅಲೆಯುತ್ತಾರೆ.

ಸಾಮಾನ್ಯವಾಗಿ ಎಸೈಕ್ಲೋವಿರ್ 800 ಮಿಲಿಗ್ರಾಂ ದಿನಕ್ಕೆ ಐದು ಸಲ, ಏಳು ದಿನ ಬರೆಯುತ್ತೇವೆ. ಆದರೆ ಅಂಗಡಿಯಲ್ಲಿ ಕೇಳಿ ತರಬೇಡಿ. ಶುಗರ್ ಇದ್ದವರಲ್ಲಿ ಕಿಡ್ನಿ ಸ್ವಲ್ಪ ಸೋತಿದ್ದರೆ ಡೋಸ್ ಇಳಿಸಬೇಕು, ಕ್ರಿಯಾಟಿನಿನ್ ನೋಡಲೇಬೇಕು. ಅದೇ ಹೆಸರಿನ ಮುಲಾಮು ಹಚ್ಚಿದರೆ ನರದೊಳಗಿನ ವೈರಸ್‌ಗೆ ಏನೂ ಆಗುವುದಿಲ್ಲ.

ಹಿರಿಯ ಸದಸ್ಯರು: ಕೆಮ್ಮಣ್ಣು ನಮ್ಮ ಅಜ್ಜಿ ಕಾಲದ್ದು, ತಂಪು ಕೊಡುತ್ತೆ. ಗುಳ್ಳೆ ಒಡೆಯಬಾರದು. ಹಾವಿನ ತಲೆ ಬಾಲ ಸೇರಿದರೆ ಮಾತ್ರ ಜೀವಕ್ಕೆ ಅಪಾಯ, ಅದನ್ನು ನೋಡಿಕೊಳ್ಳಿ.

ವೈದ್ಯೆ: ಒಡೆಯಬಾರದು ಎನ್ನುವುದು ಸರಿ ಸರ್. ತಂಪಾಗುವುದೂ ನಿಜ, ಒದ್ದೆ ಬಟ್ಟೆಯೂ ಅದನ್ನೇ ಮಾಡುತ್ತದೆ. ಆದರೆ ಒಡೆದ ಗುಳ್ಳೆಗೆ ಮಣ್ಣು ಸೇರಿದರೆ ಕೀವಾಗುತ್ತದೆ, ಶುಗರ್ ಇದ್ದವರಿಗಂತೂ ಜಾಸ್ತಿ. ಒಂದು ನರದ ಸರ್ಪಸುತ್ತು ನಡುಗೆರೆಗೇ ನಿಲ್ಲುವುದರಿಂದ ತಲೆ ಬಾಲ ಸೇರುವುದಿಲ್ಲ. ಮೈತುಂಬ ಹರಡಿದರೆ ಅಥವಾ ಎರಡೂ ಕಡೆ ಬಂದರೆ ರೋಗನಿರೋಧಕ ಶಕ್ತಿ ತುಂಬಾ ಕುಸಿದಿದೆಯೇ ಎಂದು ನೋಡಬೇಕು, ಆಗ ಆಸ್ಪತ್ರೆ ಬೇಕು.

ಇನ್ನೊಬ್ಬ ಸದಸ್ಯೆ: ನನಗೂ ಎರಡೂ ಮೊಣಕೈಯಲ್ಲಿ ತುರಿಕೆ, ಸಣ್ಣ ಗುಳ್ಳೆ. ಎರಡು ತಿಂಗಳಾಯಿತು. ಇದೂ ಸರ್ಪಸುತ್ತೇ?

ವೈದ್ಯೆ: ಎರಡೂ ಕಡೆ, ನೋವಿಲ್ಲದೆ ತುರಿಕೆ, ಎರಡು ತಿಂಗಳು. ಇದು ಬೇರೆ ಏನೋ. ತೋರಿಸಿ, ಆದರೆ ಅವಸರವಿಲ್ಲ.

ಮತ್ತೊಬ್ಬ ಸದಸ್ಯರು: ನನಗೆ ಹೋದ ವರ್ಷ ಎಡ ಹಣೆಯಲ್ಲಿ ಬಂತು, ಮೂಗಿನ ತುದಿಯಲ್ಲೂ ಎರಡು ಗುಳ್ಳೆ. ನಾಟಿ ಔಷಧಿ ಅಂತ ಎಂಟು ದಿನ ಕಳೆದೆ. ಕಣ್ಣು ಕೆಂಪಾದ ಮೇಲೆ ಓಡಿದೆ. ಗುಳ್ಳೆ ಒಣಗಿ ಏಳು ತಿಂಗಳಾಗಿದೆ, ಈಗಲೂ ತಲೆ ಬಾಚಿದರೆ ಕರೆಂಟ್ ಹೊಡೆದ ಹಾಗೆ. ಬೇಗ ಹೋಗಿದ್ದರೆ ಇದು ತಪ್ಪುತ್ತಿತ್ತಾ?

ವೈದ್ಯೆ: ಮೂಗಿನ ತುದಿಗೂ ಕಣ್ಣಿಗೂ ಹೋಗುವ ನರ ಒಂದೇ ಕವಲಿನದು. ಅಲ್ಲಿ ಗುಳ್ಳೆ ಕಂಡರೆ ಅದೇ ದಿನ ಕಣ್ಣಿನ ಡಾಕ್ಟರ್ ನೋಡಬೇಕು, ಆ ವಿಷಯದಲ್ಲಿ ತಡ ನಿಮಗೆ ಪೆಟ್ಟು ಕೊಟ್ಟಿದೆ. ಉಳಿದ ನೋವಿನ ಬಗ್ಗೆ ಖಚಿತವಾಗಿ ಹೇಳಲಾರೆ. ಬೇಗ ಶುರು ಮಾಡಿದರೆ ಗುಳ್ಳೆ ಬೇಗ ಒಣಗುತ್ತದೆ, ಆರಂಭದ ನೋವೂ ಇಳಿಯುತ್ತದೆ. ತಿಂಗಳುಗಟ್ಟಲೆ ಉಳಿಯುವ ನೋವನ್ನು ಎಷ್ಟು ತಡೆಯುತ್ತದೆ ಎಂಬುದರಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ. ಈ ನೋವಿಗೆ ಮಾಮೂಲಿ ನೋವಿನ ಮಾತ್ರೆ ಸಾಲದು. ಪ್ರಿಗ್ಯಾಬಲಿನ್‌ನಂಥ ನರದ ಮಾತ್ರೆ ಕೇಳಿ ನೋಡಿ, ಸುಮ್ನೆ ಸಹಿಸಿಕೊಂಡಿರಬೇಡಿ.

ಪ್ರಶ್ನೆ ಕೇಳಿದವರು: ಸಂಜೆ ತೋರಿಸಿದೆವು, ಸರ್ಪಸುತ್ತೇ ಅಂದರು. ರಕ್ತ ಕೊಟ್ಟು ಬಂದೆವು, ಮಾತ್ರೆ ಶುರುವಾಗಿದೆ. ಮನೆಯಲ್ಲಿ ಅತ್ತಿಗೆ ಐದು ತಿಂಗಳ ಗರ್ಭಿಣಿ. ಅವರಿಗೆ ಅಂಟುತ್ತಾ?

ವೈದ್ಯೆ: ಅವರಿಗೆ ಸೀತಾಳೆ ಸಿಡುಬು ಆಗಿತ್ತಾ ಅಂತ ಅವರ ತಾಯಿಯನ್ನು ಕೇಳಿ. ಆಗಿದ್ದರೆ ಭಯವಿಲ್ಲ. ಆಗಿಲ್ಲದಿದ್ದರೆ ಗುಳ್ಳೆಯ ನೀರು ತಾಗಿ ಅವರಿಗೆ ಸಿಡುಬು ಬರಬಹುದು, ಸರ್ಪಸುತ್ತಲ್ಲ. ಗರ್ಭಿಣಿಗೆ ಅದು ಸಣ್ಣ ವಿಷಯವಲ್ಲ. ಈಗಾಗಲೇ ಅಮ್ಮನ ಬೆನ್ನಿಗೆ ಔಷಧಿ ಹಚ್ಚಿದ್ದರೆ ಇವತ್ತೇ ಅವರ ಡಾಕ್ಟರಿಗೆ ಫೋನ್ ಮಾಡಿ. ಎಲ್ಲಾ ಗುಳ್ಳೆ ಹಕ್ಕಳೆಗಟ್ಟುವವರೆಗೆ, ಅಂದರೆ ಸುಮಾರು ಹತ್ತು ದಿನ, ಗಾಯ ಮುಚ್ಚಿಡಿ. ಟವೆಲ್, ಹಾಸಿಗೆ ಬೇರೆ ಇರಲಿ. ಅತ್ತಿಗೆಗೆ ಆಗಿತ್ತೋ ಇಲ್ಲವೋ ಗೊತ್ತಾದ ಕೂಡಲೇ ಇಲ್ಲಿ ಬರೆಯಿರಿ.