ಅಪ್‌ಡೇಟ್: ಟೆರೇಸ್ ಬೀಗ ತೆಗೆದರು

ನಾನು ಕೇಳಿದ್ದು: "ಮೈಸೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹೊಸ ಸುತ್ತೋಲೆ ಬಂದಿದೆ. ಟೆರೇಸಿಗೆ ಬೀಗ, ಕೀ ಬೇಕಾದರೆ ಪ್ರತಿ ಸಲ 200 ರೂಪಾಯಿ. ಸಂಡಿಗೆ ಎಲ್ಲಿ ಒಣಗಿಸೋದು?"

ನೀವು ಹೇಳಿದಂತೆ, ಕಟ್ಟಡದ ಯಾವ ಭಾಗ ಯಾರದ್ದು ಎಂದು ಬರೆದಿರುವ ಡೀಡ್ ಆಫ್ ಡಿಕ್ಲರೇಶನ್ ದಾಖಲೆ ತೆಗೆದು ನೋಡಿದೆ. ಟೆರೇಸ್ ಎಲ್ಲ ಮನೆಯವರಿಗೂ ಸೇರಿದ ಜಾಗವೆಂದೇ ಬರೆದಿದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಕಾಯ್ದೆಯೂ ಛಾವಣಿಯನ್ನು ಹಾಗೇ ಎಣಿಸುತ್ತದೆ. ನಮ್ಮ ಬೈಲಾ ಪ್ರಕಾರ ಹೊಸ ಶುಲ್ಕಕ್ಕೆ ಸರ್ವಸದಸ್ಯರ ಸಭೆಯ ಒಪ್ಪಿಗೆ ಬೇಕು. ಸುತ್ತೋಲೆಯನ್ನು ಸಮಿತಿ ಮಾತ್ರ ಕೂತು ಬರೆದಿತ್ತು!

ಡೀಡ್ ಮತ್ತು ಬೈಲಾದ ಆ ಪುಟಗಳ ನಕಲು ಇಟ್ಟು ಕಾರ್ಯದರ್ಶಿಯವರಿಗೆ ಪತ್ರ ಕೊಟ್ಟೆ. ಭಾನುವಾರದ ಸಭೆಯಲ್ಲಿ ಶುಲ್ಕ ಬಿದ್ದುಹೋಯಿತು. ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ ಬಾಗಿಲು ತೆರೆದಿರುತ್ತದೆ.

ಆದರೆ ಹೂಕುಂಡ ಇಡುವಂತಿಲ್ಲ. ಇದಕ್ಕೆ ನಾನೂ ಕೈ ಎತ್ತಿದೆ. ಕುಂಡಗಳ ಕೆಳಗೆ ಸದಾ ತೇವ ನಿಂತು ಮೇಲಿನ ಮಹಡಿಯವರ ಸೀಲಿಂಗ್ ಸೋರುತ್ತಿತ್ತು, ಪಾಪ.

ಸಂಡಿಗೆ ನಾಳೆ ಇಡ್ತೀವಿ.