ಜೆಡಿಯ ಪದ, ನಮ್ಮ ಕೆಲಸ: ರೆಸ್ಯೂಮೆಯೊಳಗ ಹೊಂದಿಸೋದು ಹೆಂಗ?

ಪ್ರಶ್ನೆ (ಹುಬ್ಬಳ್ಳಿ): ಅಮರಗೋಳ ಎಪಿಎಂಸಿಯೊಳಗ ಒಂದು ಅಂಗಡಿಯ ಲೆಕ್ಕ ನೋಡ್ತೀನ್ರಿ. ಈಗ ಒಂದು ಕಂಪನಿಯ ಅಕೌಂಟ್ಸ್ ಎಕ್ಸಿಕ್ಯುಟಿವ್ ಹುದ್ದೆಗೆ ಅರ್ಜಿ ಹಾಕಬೇಕು. ಅವರ ಜೆಡಿಯೊಳಗ, ಅಂದ್ರ ಹುದ್ದೆಯ ಕೆಲಸದ ವಿವರದೊಳಗ, ‘ವೆಂಡರ್ ರಿಕನ್ಸಿಲಿಯೇಶನ್, ಜಿಎಸ್‌ಟಿ ಕಂಪ್ಲಯನ್ಸ್, ಎಸ್‌ಎಪಿ’ ಅಂತ ಐತಿ. ನನ್ನ ರೆಸ್ಯೂಮೆಯೊಳಗ ‘ಟ್ಯಾಲಿ ಎಂಟ್ರಿ, ಬಿಲ್ ಕೆಲಸ’ ಅಂತ ಅಷ್ಟ ಐತಿ. ಅವರ ಸಾಲುಗಳನ್ನ ಹಂಗ ಎತ್ತಿ ಹಾಕಲೇನ್ರಿ?

ಗದಗದಿಂದ ಒಬ್ಬರು: ಆ ಪದ ಇಲ್ಲಂದ್ರ ಹುಡುಕಿದಾಗ ನಿಮ್ಮ ರೆಸ್ಯೂಮೆ ಮ್ಯಾಲ ಬರಂಗಿಲ್ಲ. ಪೂರ್ತಿ ಜೆಡಿನ ಕೆಳಗ ಬಿಳಿ ಅಕ್ಷರದಾಗ ಅಂಟಿಸಿಬಿಡ್ರಿ.

ನೇಮಕಾತಿ ಕೆಲಸದವರು, ಧಾರವಾಡ: ಪದ ಬೇಕು ಅನ್ನೋದು ಖರೆ. ನಾವು ಪೋರ್ಟಲ್‌ನಾಗ ಹುಡುಕೋದು ಪದ ಹಾಕಿನ. ಆದರ ಬಿಳಿ ಅಕ್ಷರ ಹಾಕಬ್ಯಾಡ್ರಿ. ಫೈಲಿನ ಬರಹ ಸಾಫ್ಟ್‌ವೇರ್‌ಗೆ ಹೋದಾಗ ಬಣ್ಣ ಉಳಿಯಂಗಿಲ್ಲ, ಅಂಟಿಸಿದ್ದೆಲ್ಲಾ ಕರಿ ಅಕ್ಷರದಾಗ ನಮ್ಮ ಮುಂದ ಬರತೈತಿ. ಆಮ್ಯಾಲೆ ಉಳಿದ ಸಾಲನ್ನೂ ನಂಬೂದು ಕಷ್ಟ.

ಜೆಡಿಯಿಂದ ಕೆಲಸದ ಹೆಸರು ಮಾತ್ರ ತಗೋರಿ, ವಾಕ್ಯ ನಿಮ್ಮದಾಗಿರಲಿ. ಪಾರ್ಟಿಯವರಿಂದ ಸ್ಟೇಟ್‌ಮೆಂಟ್ ತರಿಸಿ, ಟ್ಯಾಲಿ ಲೆಜ್ಜರ್ ಜೋಡಿ ಬಾಕಿ ತಾಳೆ ನೋಡ್ತೀರಲ್ಲ, ಅದ ವೆಂಡರ್ ರಿಕನ್ಸಿಲಿಯೇಶನ್. ಹಿಂಗ ಬರೀರಿ: ‘ವೆಂಡರ್ ರಿಕನ್ಸಿಲಿಯೇಶನ್: ಪ್ರತಿ ತಿಂಗಳು ಪಾರ್ಟಿ ಸ್ಟೇಟ್‌ಮೆಂಟ್ ಮತ್ತು ಟ್ಯಾಲಿ ಲೆಜ್ಜರ್ ತಾಳೆ, ಬಿಟ್ಟುಹೋದ ಬಿಲ್ ಮತ್ತು ಡೆಬಿಟ್ ನೋಟ್ ಪತ್ತೆ.’ ಎಷ್ಟು ಪಾರ್ಟಿ ಅಂತ ನಿಮ್ಮ ಖರೆ ಸಂಖ್ಯೆ ಸೇರಿಸ್ರಿ. ಆ ಹೆಸರು ಸ್ಕಿಲ್ಸ್‌ನಾಗ ಒಮ್ಮೆ, ಕೆಲಸದ ಸಾಲಿನಾಗ ಒಮ್ಮೆ ಬಂದರ ಸಾಕು.

ಜಿಎಸ್‌ಟಿ ಸಾಲಿನಾಗ ಹುಷಾರ್. 14ನೇ ತಾರೀಖಿಗೆ ಬರೋ GSTR-2B ಜೋಡಿ ಖರೀದಿ ಬಿಲ್ ತಾಳೆ ಮಾಡೋದು ನೀವು, 20ರೊಳಗ GSTR-3B ಕಟ್ಟೋದು ಸಿಎ ಆಗಿದ್ರ, ‘ಕಂಪ್ಲಯನ್ಸ್ ನಿಭಾಯಿಸಿದೆ’ ಅನಬ್ಯಾಡ್ರಿ. ‘ಜಿಎಸ್‌ಟಿ ಕಂಪ್ಲಯನ್ಸ್‌ಗೆ GSTR-2B ತಾಳೆ, GSTR-3B ಲೆಕ್ಕ ತಯಾರಿ’ ಅಂತಿರಲಿ. ಪದಾನೂ ಬಂತು, ನಿಮ್ಮ ಪಾಲೂ ತಿಳೀತು. ಬರೆದ ಪ್ರತಿ ಸಾಲಿಗೂ ಸಂದರ್ಶನದಾಗ ‘ಒಂದು ಫರಕು ಬಂದಾಗ ಏನ್ ಮಾಡಿದ್ರಿ?’ ಅಂತ ಕೇಳ್ತೀವಿ.

ಕೇಳಿದವರು: ಎಸ್‌ಎಪಿ ಗತಿ ಏನ್ರಿ?

ನೇಮಕಾತಿ ಕೆಲಸದವರು, ಧಾರವಾಡ: ಮುಟ್ಟಿಲ್ಲಂದ್ರ ಬರೀಬ್ಯಾಡ್ರಿ. TallyPrime ಅಂತ ಸ್ಪಷ್ಟ ಹಾಕ್ರಿ. ಜೆಡಿಯೊಳಗ ಎಸ್‌ಎಪಿ ‘ಇರಲೇಬೇಕು’ ಅಂತಿದ್ರ ಈ ಹುದ್ದೆ ಕೈತಪ್ಪಬಹುದು. ‘ಇದ್ದರ ಒಳ್ಳೇದು’ ಅಂತಿದ್ರ ಅರ್ಜಿ ಹಾಕ್ರಿ.

ಹಾವೇರಿಯಿಂದ ಒಬ್ಬರು: ನಾ ಶಿಕ್ಷಕಿ ರೀ. ಒಂದು ಸಂಸ್ಥೆಯವರು ‘ಸ್ಟೇಕ್‌ಹೋಲ್ಡರ್ ಮ್ಯಾನೇಜ್‌ಮೆಂಟ್’ ಕೇಳ್ಯಾರ. ಪಾಲಕರ ಸಭೆ ನಡಸೂದು ಅದರಾಗ ಬರತೈತೇನು?

ನೇಮಕಾತಿ ಕೆಲಸದವರು, ಧಾರವಾಡ: ಬರತೈತ್ರಿ ಅಂತ ನಾ ಅಂತೀನಿ. ಆದರ ಬರೇ ಆ ದೊಡ್ಡ ಹೆಸರು ಬರೆದರ ನಡೆಯಂಗಿಲ್ಲ. ಎಷ್ಟು ಪಾಲಕರು, ಯಾವ ತಕರಾರು, ಯಾರನ್ನ ಒಪ್ಪಿಸಿದ್ರಿ ಅನ್ನೋದು ಅದರ ಪಕ್ಕ ಇರಲಿ.

ಗದಗದಿಂದ ಒಬ್ಬರು: ನಂಗ ಒಪ್ಪಿಗಿ ಇಲ್ಲ ಬಿಡ್ರಿ. ಕಂಪನಿಯವರು ಆ ಪದದಾಗ ದಾನಿಗಳು, ಸರಕಾರಿ ಇಲಾಖೆ ಅಂತ ನೋಡ್ತಾರ.

ನೇಮಕಾತಿ ಕೆಲಸದವರು, ಧಾರವಾಡ: ಅದೂ ಇರಬಹುದು. ಅಕ್ಕಾರ, ಜೆಡಿಯೊಳಗ ಆ ಪದದ ಆಜೂಬಾಜೂ ಏನೈತಿ, ಆ ಸಾಲು ಇಲ್ಲಿ ಹಾಕ್ರಿ, ನೋಡೂಣು.